ನಡಿಗೆ ತನ್ನ ಆರಂಭವನ್ನು ಎಷ್ಟು ಬೇಗ ಮರೆಯುತ್ತದೆ? ಎರಡನೆಯ ಐಗನ್‌ಮೌಲ್ಯದೊಂದಿಗೆ ನನ್ನ ಅನುಭವ

ಒಂದು ದೊಡ್ಡ ಸಂಪರ್ಕಜಾಲದ ಸದಸ್ಯರಲ್ಲಿ ಒಂದು ನಿರ್ದಿಷ್ಟ ಗುಣವುಳ್ಳವರು ಶೇಕಡ ಎಷ್ಟು ಎಂದು ಅಂದಾಜು ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಸದಸ್ಯರ ಪೂರ್ತಿ ಪಟ್ಟಿ ನನ್ನ ಬಳಿ ಇರಲಿಲ್ಲ. ಯಾರನ್ನಾದರೂ ಹಿಡಿದರೆ ಅವರ ನೆರೆಯವರು ಯಾರೆಂಬುದಷ್ಟೇ ತಿಳಿಯುತ್ತಿತ್ತು. ಇಂಥಲ್ಲಿ ಯಾದೃಚ್ಛಿಕ ನಡಿಗೆಯೇ ದಾರಿ: ಒಂದು ನೋಡ್‌ನಿಂದ ಹೊರಟು, ಪ್ರತಿ ಹೆಜ್ಜೆಯಲ್ಲಿ ನೆರೆಯವರಲ್ಲೊಬ್ಬರನ್ನು ಚೀಟಿ ಎತ್ತಿದಂತೆ ಆರಿಸಿ ಮುಂದುವರಿಯುವುದು. ಸಾಕಷ್ಟು ನಡೆದ ಮೇಲೆ ಯಾವುದೇ ನೋಡ್‌ನಲ್ಲಿರುವ ಸಂಭವನೀಯತೆ ಅದರ ಡಿಗ್ರಿಗೆ, ಅಂದರೆ ನೆರೆಯವರ ಸಂಖ್ಯೆಗೆ, ಅನುಪಾತದಲ್ಲಿರುತ್ತದೆ. ಆ ಓರೆಯನ್ನು ಡಿಗ್ರಿಯಿಂದ ಭಾಗಿಸಿ ಸರಿಪಡಿಸಬಹುದು. ಮೊದಲ 500 ಹೆಜ್ಜೆಗಳನ್ನು ಬಿಟ್ಟು, ಮುಂದಿನ 20,000 ಹೆಜ್ಜೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡೆ. ಬೇರೊಂದು ನೋಡ್‌ನಿಂದ ಹೊರಟು ಮತ್ತೊಮ್ಮೆ ಅಷ್ಟೇ ನಡೆದಾಗ ಉತ್ತರ ಎಷ್ಟೋ ದೂರ ಸರಿದಿತ್ತು.

ನಡಿಗೆ ನೆಲೆಗೊಂಡಿದೆಯೇ ಎಂದು ನಾನು ಮೊದಲೇ ಪರೀಕ್ಷಿಸಿದ್ದೆ ಎಂಬುದೇ ಇಲ್ಲಿ ಗೊಂದಲದ ಸಂಗತಿಯಾಗಿತ್ತು. ಹೆಜ್ಜೆ ಹೆಜ್ಜೆಗೆ ಸಿಕ್ಕ ನೋಡ್‌ನ ಡಿಗ್ರಿಯನ್ನು ಬರೆದಿಟ್ಟುಕೊಂಡು ಅದರ ಆಟೋಕೊರಿಲೇಶನ್, ಅಂದರೆ ಈಗಿನ ಬೆಲೆಗೂ ಕೆಲವು ಹೆಜ್ಜೆ ಹಿಂದಿನ ಬೆಲೆಗೂ ಇರುವ ಸಂಬಂಧ, ಎಷ್ಟೆಂದು ನೋಡಿದ್ದೆ. ಕೆಲವೇ ಹೆಜ್ಜೆಗಳಲ್ಲಿ ಅದು ಸೊನ್ನೆಗೆ ಇಳಿದಿತ್ತು. ಹಾಗಿದ್ದೂ ನಡಿಗೆ ತಾನು ಹೊರಟ ಜಾಗವನ್ನು ಮರೆತಿರಲಿಲ್ಲ. ಕಾರಣ ಹುಡುಕಲು, ಕೈಯಲ್ಲೇ ಲೆಕ್ಕ ಹಾಕಬಹುದಾದಷ್ಟು ಸಣ್ಣ ಜಾಲವೊಂದನ್ನು ಕಟ್ಟಿಕೊಂಡೆ.

ಹತ್ತು ಹತ್ತು ನೋಡ್‌ಗಳ ಎರಡು ಗುಂಪುಗಳು. ಗುಂಪಿನೊಳಗೆ ಪ್ರತಿಯೊಬ್ಬರಿಗೂ ಉಳಿದ ಒಂಬತ್ತೂ ಜನರ ಪರಿಚಯ. ಎರಡು ಗುಂಪುಗಳ ನಡುವೆ ಒಂದೇ ಒಂದು ಕೊಂಡಿ. ಹೀಗಾಗಿ ಕೊಂಡಿಯ ಎರಡು ತುದಿಗಳಲ್ಲಿರುವವರ ಡಿಗ್ರಿ 10, ಉಳಿದವರದು 9. ಯಾವ ನೋಡ್‌ನಿಂದ ಯಾವುದಕ್ಕೆ ಹೋಗುವ ಸಂಭವನೀಯತೆ ಎಷ್ಟೆಂದು ಹೇಳುವ ಸಂಕ್ರಮಣ ಮಾತೃಕೆಯಲ್ಲಿ ಪ್ರತಿ ಸಾಲೂ ಆಯಾ ನೋಡ್‌ನ ಡಿಗ್ರಿಯಿಂದ ಭಾಗವಾಗುವುದರಿಂದ ಅದು ಸಮಮಿತವಲ್ಲ. ಆದರೆ ಹಾಗೆ ಸಾಲುಗಳನ್ನು ಭಾಗಿಸುವ ಬದಲು, ಕೊಂಡಿ ಇದ್ದಲ್ಲಿ 1, ಇಲ್ಲದಲ್ಲಿ 0 ಇರುವ ಮಾತೃಕೆಯ ಪ್ರತಿ ಅಂಶವನ್ನೂ ಎರಡೂ ತುದಿಗಳ ಡಿಗ್ರಿಗಳ ವರ್ಗಮೂಲಗಳಿಂದ ಭಾಗಿಸಿದರೆ, ಅದೇ ಐಗನ್‌ಮೌಲ್ಯಗಳುಳ್ಳ ಸಮಮಿತ ಮಾತೃಕೆ ಸಿಗುತ್ತದೆ, ಲೆಕ್ಕವೂ ಭದ್ರವಾಗುತ್ತದೆ. ಮಾತೃಕೆ ಕೆಲವು ವಿಶೇಷ ವೆಕ್ಟರ್‌ಗಳ ಆಕಾರ ಬದಲಿಸದೆ ಅವನ್ನು ಒಂದು ಸಂಖ್ಯೆಯಿಂದ ಗುಣಿಸುತ್ತದಷ್ಟೆ; ಆ ಸಂಖ್ಯೆಯೇ ಐಗನ್‌ಮೌಲ್ಯ, ಆ ವೆಕ್ಟರೇ ಐಗನ್‌ವೆಕ್ಟರ್.

```python
import numpy as np
m = 10
A = np.zeros((2*m, 2*m))
A[:m, :m] = 1
A[m:, m:] = 1
np.fill_diagonal(A, 0)
A[m-1, m] = A[m, m-1] = 1
d = A.sum(axis=1)
S = A / np.sqrt(np.outer(d, d))
print(np.linalg.eigvalsh(S)[-2])
```

ಅತಿ ದೊಡ್ಡ ಐಗನ್‌ಮೌಲ್ಯ ಯಾವಾಗಲೂ 1. ಅದು ನಡಿಗೆ ಕೊನೆಗೆ ನೆಲೆಗೊಳ್ಳುವ ಸ್ಥಿರ ವಿತರಣೆಗೆ ಸೇರಿದ್ದು, ಹೆಜ್ಜೆಗಳಿಂದ ಬದಲಾಗುವುದಿಲ್ಲ. ಎರಡನೆಯದು 0.98136 ಎಂದು ಬಂತು. ಅದಕ್ಕೆ ಸೇರಿದ ಐಗನ್‌ವೆಕ್ಟರನ್ನು ಸಂಕ್ರಮಣ ಮಾತೃಕೆಗೆ ಹೊಂದಿಸಿ ಬರೆದಾಗ ನನ್ನ ತಪ್ಪು ಕಣ್ಣಿಗೆ ಬಿತ್ತು: ಎಡ ಗುಂಪಿನ ಸಾಮಾನ್ಯ ನೋಡ್‌ಗಳಿಗೆ 1, ಎಡ ತುದಿಗೆ 0.83, ಬಲ ತುದಿಗೆ −0.83, ಬಲ ಗುಂಪಿನ ಉಳಿದವರಿಗೆ −1. ಇದು ‘ಯಾವ ಕಡೆ ಇದ್ದೀಯ’ ಎಂಬ ಪ್ರಶ್ನೆಗೆ ಉತ್ತರವೇ ಹೊರತು ಬೇರೇನೂ ಅಲ್ಲ. ಪ್ರತಿ ನೋಡ್‌ಗೂ ಈ ಅಂಕವನ್ನು ಕೊಟ್ಟರೆ, t ಹೆಜ್ಜೆಗಳ ನಂತರದ ಅಂಕದ ನಿರೀಕ್ಷಿತ ಬೆಲೆ ಆರಂಭದ ಅಂಕಕ್ಕೆ 0.98136ರ t-ನೆಯ ಘಾತವನ್ನು ಗುಣಿಸಿದಷ್ಟಿರುತ್ತದೆ. ಇದು ಅಂದಾಜಲ್ಲ, ನಿಖರ ಸಮೀಕರಣ. ಆರಂಭದ ನೆನಪು ಅರ್ಧಕ್ಕೆ ಇಳಿಯಲು ಸುಮಾರು 37 ಹೆಜ್ಜೆ ಬೇಕು, ನೂರರಲ್ಲೊಂದು ಪಾಲಿಗೆ ಇಳಿಯಲು 245. ಎಡಗಡೆಯ ಸಾಮಾನ್ಯ ನೋಡ್‌ನಿಂದ ಹೊರಟವನು 20 ಹೆಜ್ಜೆಗಳ ನಂತರವೂ ಎಡಗಡೆಯೇ ಇರುವ ಸಂಭವನೀಯತೆ 0.85; 100 ಹೆಜ್ಜೆಗಳ ನಂತರ 0.58.

ಇನ್ನು ಡಿಗ್ರಿಯ ವಿಷಯ. ಎರಡೂ ಗುಂಪುಗಳಲ್ಲಿ ಡಿಗ್ರಿಗಳ ಹಂಚಿಕೆ ಒಂದೇ ತೆರನಾದ್ದರಿಂದ ಡಿಗ್ರಿಗೆ ಎಡ-ಬಲಗಳ ಭೇದವೇ ಗೊತ್ತಿಲ್ಲ. ಅದು ಈ ಎರಡನೆಯ ವೆಕ್ಟರ್‌ಗೆ ಲಂಬವಾಗಿದೆ. ಅದರ ಏರಿಳಿತವನ್ನು ನಿಯಂತ್ರಿಸುವ ಐಗನ್‌ಮೌಲ್ಯ −1/90, ಹಾಗಾಗಿ ಒಂದೇ ಹೆಜ್ಜೆಗೆ ನೆನಪು ಅಳಿಸಿಹೋಗುತ್ತದೆ. ನಾನು ಅಳೆದದ್ದು ಸರಿಯಾಗಿಯೇ ಇತ್ತು, ಅಳೆಯಲು ಆರಿಸಿದ ವಸ್ತು ಮಾತ್ರ ನನ್ನ ಪ್ರಶ್ನೆಗೆ ಕುರುಡಾಗಿತ್ತು. ನಾನು ಹುಡುಕುತ್ತಿದ್ದ ಗುಣವೋ ಒಂದು ಗುಂಪಿನಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ.

ಇಷ್ಟು ನಿಧಾನಕ್ಕೆ ಕಾರಣ ಆ ಒಂಟಿ ಕೊಂಡಿಯೇ ಎಂಬುದನ್ನು ಐಗನ್‌ಮೌಲ್ಯ ಲೆಕ್ಕ ಹಾಕದೆಯೂ ಕಾಣಬಹುದು. ಎಡ ಗುಂಪಿನ ಡಿಗ್ರಿಗಳ ಮೊತ್ತ 91, ಅದರಲ್ಲಿ ಹೊರಗೆ ಹೋಗುವ ದಾರಿ ಒಂದೇ. ಚೀಗರ್ ಅಸಮಾನತೆಯ ಪ್ರಕಾರ 1 ಮತ್ತು ಎರಡನೆಯ ಐಗನ್‌ಮೌಲ್ಯದ ನಡುವಿನ ಅಂತರ ಈ ಅನುಪಾತದ ಎರಡರಷ್ಟನ್ನು, ಅಂದರೆ 2/91 ಅಥವಾ 0.022 ಅನ್ನು, ಮೀರಲಾರದು. ನಿಜವಾದ ಅಂತರ 0.0186. ಇನ್ನೊಂದು ಜೋಡಿ ನೋಡ್‌ಗಳ ನಡುವೆ ಎರಡನೆಯ ಕೊಂಡಿಯೊಂದನ್ನು ಹಾಕಿ ನೋಡಿದೆ. ಐಗನ್‌ಮೌಲ್ಯ 0.9625ಕ್ಕೆ ಇಳಿಯಿತು, ನೆನಪು ಅರ್ಧವಾಗಲು 37ರ ಬದಲು 18 ಹೆಜ್ಜೆ ಸಾಕಾಯಿತು. ಗುಂಪಿನೊಳಗೆ ಆಗಲೇ ಎಲ್ಲರಿಗೂ ಎಲ್ಲರೂ ಗೊತ್ತಿದ್ದರು. ಆ ಸಾಂದ್ರತೆಯಿಂದ ನಡಿಗೆಗೆ ಚೂರೂ ಪ್ರಯೋಜನವಾಗಿರಲಿಲ್ಲ.

ಎರಡನೆಯದನ್ನು ನೋಡಿದರೆ ಸಾಕು ಎಂದೂ ಯಾವಾಗಲೂ ಹೇಳಲಾಗದು. ಇರುವುದರಲ್ಲೇ ಅತಿ ಚಿಕ್ಕ ಐಗನ್‌ಮೌಲ್ಯ −1ಕ್ಕೆ ಹತ್ತಿರವಾಗಿದ್ದರೆ ನಡಿಗೆ ಸಮ-ಬೆಸ ಹೆಜ್ಜೆಗಳ ನಡುವೆ ತೂಗಾಡುತ್ತಲೇ ಇರುತ್ತದೆ. ನನ್ನ ಜಾಲದಲ್ಲಿ ಅದು −0.19 ಇದ್ದುದರಿಂದ ಆ ಚಿಂತೆ ಇರಲಿಲ್ಲ. ಇದ್ದಿದ್ದರೆ ಪ್ರತಿ ಹೆಜ್ಜೆಗೂ ಅರ್ಧ ಸಂಭವನೀಯತೆಯಿಂದ ನಿಂತಲ್ಲೇ ನಿಲ್ಲುವ ಸೋಮಾರಿ ನಡಿಗೆಗೆ ಬದಲಾಯಿಸಬೇಕಾಗುತ್ತಿತ್ತು.

ನಿಜವಾದ ಜಾಲದ ಮಾತೃಕೆ ನನ್ನ ಕೈಯಲ್ಲಿರಲಿಲ್ಲವಾದ್ದರಿಂದ ನಡಿಗೆಯ ದಾಖಲೆಯಿಂದಲೇ ಐಗನ್‌ಮೌಲ್ಯವನ್ನು ಅಂದಾಜು ಮಾಡಬೇಕಾಯಿತು. ಈ ಸಲ ಡಿಗ್ರಿಯನ್ನು ಬಿಟ್ಟು, ನನಗೆ ಬೇಕಾದ ಗುಣದ್ದೇ ಆಟೋಕೊರಿಲೇಶನ್ ತೆಗೆದು, ಅದರ ಲಾಗರಿತಮ್ಮನ್ನು ಹೆಜ್ಜೆಗಳ ಎದುರು ಗೀಟಿದೆ. ಮೊದಮೊದಲು ವಕ್ರವಾಗಿದ್ದ ಗೆರೆ ಮುಂದೆ ನೇರವಾಗುತ್ತದೆ. ಆ ನೇರ ಭಾಗದ ಇಳಿಜಾರು ಎರಡನೆಯ ಐಗನ್‌ಮೌಲ್ಯದ ಲಾಗರಿತಮ್. ಕೇವಲ ಮೊದಲ ಹೆಜ್ಜೆಯ ಆಟೋಕೊರಿಲೇಶನ್‌ನಿಂದ ತೀರ್ಮಾನಿಸಿದರೆ ಬೆಲೆ ಕಡಿಮೆ ಬರುತ್ತದೆ. ಸಣ್ಣ ಜಾಲದಲ್ಲೇ ‘ಯಾವ ಕಡೆ’ ಎಂಬುದಕ್ಕೆ ಅದು 0.978 ಇತ್ತು, ನಿಜವಾದದ್ದು 0.981. ಮತ್ತೊಂದು ಮಿತಿಯೂ ಇದೆ: ನಡಿಗೆ ಒಮ್ಮೆಯೂ ಕಾಲಿಡದ ಮೂರನೆಯ ಗುಂಪೊಂದು ಇದ್ದರೆ ಈ ಗೆರೆಯಲ್ಲಿ ಅದರ ಸುಳಿವೇ ಸಿಗದು. ಅದಕ್ಕಾಗಿಯೇ ದೂರ ದೂರದ ನೋಡ್‌ಗಳಿಂದ ಹಲವು ನಡಿಗೆಗಳನ್ನು ಹೊರಡಿಸಿ, ಅವುಗಳ ಸರಾಸರಿಗಳು ಒಂದೆಡೆ ಸೇರುತ್ತವೆಯೇ ಎಂದು ನೋಡತೊಡಗಿದೆ.

ನನ್ನ ಗೆರೆಯಿಂದ ಬಂದ ಬೆಲೆ ಸುಮಾರು 0.997. 1ಕ್ಕೂ ಇದಕ್ಕೂ ಇರುವ ಮೂರನೆಯ ದಶಮಾಂಶದ ಈ ವ್ಯತ್ಯಾಸ ನೋಡಲು ಚಿಕ್ಕದು. ಆದರೆ 0.997ರ 500ನೆಯ ಘಾತ 0.22, ಅಂದರೆ ನಾನು ‘ಬಿಸಿಯಾಗಲು’ ಎಂದು ಬಿಟ್ಟಿದ್ದ ಹೆಜ್ಜೆಗಳು ಮುಗಿದಾಗ ಆರಂಭದ ಪ್ರಭಾವದ ಐದನೆಯ ಒಂದು ಪಾಲಿಗೂ ಹೆಚ್ಚು ಉಳಿದೇ ಇತ್ತು. ಒಂದು ಸ್ವತಂತ್ರ ಮಾದರಿಗೆ ಸಮನಾಗಲು ಎಷ್ಟು ಹೆಜ್ಜೆ ಬೇಕೆಂಬುದನ್ನು 1.997 ಅನ್ನು 0.003ರಿಂದ ಭಾಗಿಸಿ ಪಡೆಯಬಹುದು. ಅದು ಸುಮಾರು 666. ವರದಿಯ ಕರಡಿನಲ್ಲಿ ಮಾದರಿಯ ಗಾತ್ರ 20,000 ಎಂದು ಬರೆದಿದ್ದೆ. ಅದನ್ನು ಹೊಡೆದುಹಾಕಿ 30 ಎಂದು ಬರೆದೆ, ಪಕ್ಕದಲ್ಲಿದ್ದ ದೋಷದ ಮಿತಿ ಶೇಕಡ 1ರ ಒಳಗಿದ್ದದ್ದು 18ರ ಆಸುಪಾಸಿಗೆ ಏರಿತು.