ಎರಡೂ ಜೇಬು ಒಂದೇ ಥರ ಬರಲು ನಾನು ಮಾಡಿದ್ದು: ರಟ್ಟು, ಇಸ್ತ್ರಿ ಮತ್ತು ಚೂರು ತಾಳ್ಮೆ

ಖಾಕಿ ಯೂನಿಫಾರ್ಮ್ ಶರ್ಟಿನಲ್ಲಿ ಎದೆಯ ಎರಡು ಜೇಬು ಜೋಡಿಯಾಗಿ ಕೂರಬೇಕು. ಕಾಲರ್ ನೂಲಿನಷ್ಟು ಹೆಚ್ಚುಕಮ್ಮಿಯಾದರೂ ಹಾಕಿಕೊಂಡವರಿಗೆ ಗೊತ್ತಾಗುವುದಿಲ್ಲ. ಜೇಬು ಹಾಗಲ್ಲ. ನಡುವೆ ಗುಂಡಿಪಟ್ಟಿ ನೇರ ಗೆರೆಯ ಹಾಗೆ ಇರುತ್ತದೆ, ಅದರ ಎರಡು ಪಕ್ಕಕ್ಕೆ ಜೇಬು. ಒಂದರ ಮೂಲೆ ಚೂಪು, ಇನ್ನೊಂದರದು ಮೊಂಡು ಇದ್ದರೆ ಹತ್ತಡಿ ದೂರದಿಂದಲೇ ಕಾಣುತ್ತದೆ.

ಸೆಕ್ಯುರಿಟಿಯವರ ಯೂನಿಫಾರ್ಮ್ ಕೆಲಸ ಹಿಡಿದಾಗ ನಾನು ರಟ್ಟಿನ ಅಚ್ಚು ಇಟ್ಟು, ಅದರ ಮೇಲೆ ಬಟ್ಟೆಯ ಅಂಚು ಮಡಚಿ ಇಸ್ತ್ರಿ ಮಾಡಿಯೇ ಜೇಬು ಹೊಲಿಯುತ್ತೇನೆ ಅಂದೆ. ನಮ್ಮ ಬೀದಿಯ ಹಿರಿಯ ಮಾಸ್ಟರ್ ಒಬ್ಬರು, "ಅಲ್ಲಪ್ಪಾ, ರಟ್ಟು ಇಟ್ಕೊಂಡು ಜೇಬು ಮಡಚೋದು ಕಲಿಯೋ ಹುಡುಗರ ಕೆಲಸ. ಉಗುರಲ್ಲಿ ಗೀರಿ ಮಿಷನ್‌ಗೆ ಕೊಟ್ರೆ ಆಯ್ತು. ಕರೆಂಟ್ ಬಿಲ್ ನೀನು ಕಟ್ತೀಯಾ?" ಅಂದರು. ಅವರ ಕೈ ಅಂಥದ್ದು, ಅವರಿಗೆ ಸರಿ. ಆದರೆ ಅರವತ್ತು ಶರ್ಟು ಅಂದರೆ ನೂರಿಪ್ಪತ್ತು ಜೇಬು, ನನ್ನ ಜೊತೆ ಕೂರುವುದು ಇಬ್ಬರು. ಮೂರು ಜನರ ಉಗುರು ಒಂದೇ ಅಳತೆಯಲ್ಲಿ ಗೀರಲ್ಲ.

ದುಡ್ಡಿನ ಲೆಕ್ಕವೂ ಇತ್ತು. ಅದಕ್ಕೆ ಮುಂಚಿನ ಒಂದು ಲಾಟಿನಲ್ಲಿ ಹತ್ತು ಹನ್ನೆರಡು ಶರ್ಟು ಜೇಬಿನ ಕಾರಣಕ್ಕೇ ವಾಪಸ್ ಬಂದಿದ್ದವು. ಹೊಲಿಗೆ ಕೂಲಿ ಶರ್ಟಿಗೆ ಮುನ್ನೂರರ ಒಳಗೆ. ಟೆರಿಕಾಟ್ ಬಟ್ಟೆಯಲ್ಲಿ ಜೇಬು ಬಿಚ್ಚಿದರೆ ಸೂಜಿ ತೂತು ಹಾಗೇ ಉಳಿಯುತ್ತದೆ, ನೀರು ಹಾಕಿ ಉಜ್ಜಿದರೂ ಮುಚ್ಚಲ್ಲ. ಒಮ್ಮೊಮ್ಮೆ ಮುಂದಿನ ಪೀಸನ್ನೇ ಬದಲಿಸಬೇಕು. ಆ ಲಾಟಿನಲ್ಲಿ ಕೈಗೆ ಏನೂ ಉಳಿಯಲಿಲ್ಲ.

ಈಗ ರಟ್ಟಿನ ವಿಷಯ. ಮೊದಲು ಮದುವೆ ಕಾರ್ಡು ಕತ್ತರಿಸಿದೆವು, ಅಂಗಡಿಯಲ್ಲಿ ರಾಶಿ ಇರುತ್ತಲ್ವಾ. ದಪ್ಪ, ಗಟ್ಟಿ, ಕಾಸು ಖರ್ಚಿಲ್ಲ. ಆದರೆ ಮೇಲಿನ ಹೊಳಪು ಪದರ ಬಿಸಿಗೆ ಕರಗಿ ಬಟ್ಟೆಗೆ ಅಂಟಿತು. ಚಿನ್ನದ ಬಣ್ಣದ ಅಕ್ಷರ ಇದ್ದ ಕಾರ್ಡು ಇನ್ನೂ ಕೆಟ್ಟದ್ದು. ಆಮೇಲೆ ಹಳೆಯ ಎಕ್ಸ್‌ರೇ ಹಾಳೆ. ಅಂಚು ಬ್ಲೇಡಿನಷ್ಟು ಸಣ್ಣ, ಮೊದಲ ಜೇಬು ಅದ್ಭುತವಾಗಿ ಬಂತು. ಎರಡು ಮೂರು ಜೇಬಿಗೇ ಬಿಸಿಗೆ ಸೊಟ್ಟಗಾಯಿತು. ಪ್ರಿಂಟಿಂಗ್ ಪ್ರೆಸ್ಸಿನವರು ಗುಜರಿಗೆ ಹಾಕುವ ತೆಳು ಅಲ್ಯೂಮಿನಿಯಂ ತಗಡೂ ನೋಡಿದೆ. ಅದು ಸವೆಯುವುದಿಲ್ಲ, ಹತ್ತಿ ಬಟ್ಟೆಗೆ ಈಗಲೂ ಅದನ್ನೇ ಇಡುತ್ತೇನೆ. ಟೆರಿಕಾಟಿಗೆ ಆಗಲಿಲ್ಲ. ತಗಡು ಬಿಸಿ ಹಿಡಿದುಕೊಂಡು ಕೂರುತ್ತದೆ, ಬೇಗ ಆರುವುದಿಲ್ಲ, ಬೆರಳೂ ಸುಡುತ್ತದೆ.

ಕೊನೆಗೆ ನಿಂತದ್ದು ಸಾದಾ ಫೈಲಿನ ರಟ್ಟು. ಸ್ಟೇಷನರಿ ಅಂಗಡಿಯಲ್ಲಿ ಹತ್ತು ಹದಿನೈದು ರೂಪಾಯಿಗೆ ಸಿಗುವುದು. ತೀರಾ ದಪ್ಪ ರಟ್ಟು ಬೇಡ. ರಟ್ಟಿನ ಅಂಚು ದಪ್ಪವಾದಷ್ಟೂ ಮಡಿಕೆ ಗುಂಡಗಾಗುತ್ತದೆ, ಜೇಬು ಊದಿದ ಹಾಗೆ ಕಾಣುತ್ತದೆ. ಫೈಲ್ ರಟ್ಟು ಮೂವತ್ತು ನಲವತ್ತು ಜೇಬಿಗೆ ಬರುತ್ತದೆ. ಆಮೇಲೆ ಆವಿಗೆ ಮೂಲೆ ಮೆತ್ತಗಾಗುತ್ತದೆ. ಬಳಸಿದ ರಟ್ಟನ್ನು ಹೊಸದರ ಮೇಲೆ ಇಟ್ಟು ಬೆಳಕಿಗೆ ಹಿಡಿದರೆ ಮೂಲೆ ಎಷ್ಟು ಸವೆದಿದೆ ಅಂತ ಕಾಣುತ್ತದೆ. ಸವೆದದ್ದನ್ನು ಅಲ್ಲೇ ಹರಿದು ಹಾಕಿ, ಇಲ್ಲದಿದ್ದರೆ ಯಾರಾದರೂ ಮತ್ತೆ ಎತ್ತಿಕೊಳ್ಳುತ್ತಾರೆ.

ನಾನು ಒಂದು ತಾಯಿ ರಟ್ಟು ಇಟ್ಟುಕೊಂಡಿದ್ದೇನೆ. ಅದಕ್ಕೆ ಇಸ್ತ್ರಿ ತಾಗಿಸುವುದೇ ಇಲ್ಲ. ಹೊಸ ರಟ್ಟು ಬೇಕಾದಾಗ ಅದರಿಂದಲೇ ಗೆರೆ ಎಳೆದು, ಗೆರೆಯ ಒಳಗಡೆ ಕತ್ತರಿಸುತ್ತೇವೆ. ನಕಲಿನಿಂದ ನಕಲು ತೆಗೆದರೆ ಪ್ರತಿ ಸಲವೂ ಪೆನ್ಸಿಲ್ ಗೆರೆಯಷ್ಟು ಬೆಳೆಯುತ್ತದೆ. ಲಾಟು ಮುಗಿಯುವ ಹೊತ್ತಿಗೆ ಮೊದಲ ಶರ್ಟಿನ ಜೇಬಿಗೂ ಕೊನೆಯದಕ್ಕೂ ಸಂಬಂಧ ಇರುವುದಿಲ್ಲ.

ಅಳತೆ ಹೀಗೆ. ಜೇಬು ತಯಾರಾದಾಗ ಅಗಲ 5 ಇಂಚು, ಉದ್ದ ಐದೂಮುಕ್ಕಾಲು. ರಟ್ಟು ಮಾತ್ರ ಪೂರಾ 5 ಇಂಚು ಇರಬಾರದು. ಬಟ್ಟೆ ರಟ್ಟನ್ನು ಸುತ್ತಿ ತಿರುಗುವಾಗ ತನ್ನ ದಪ್ಪವನ್ನೂ ಸೇರಿಸಿಕೊಳ್ಳುತ್ತದೆ. ಖಾಕಿಗೆ ಪ್ರತಿ ಬದಿಗೆ ಅರ್ಧ ಮಿಲಿಮೀಟರ್ ಕಮ್ಮಿ ಇಟ್ಟರೆ ಸಾಕು, ಜೀನ್ಸಿಗೆ ಒಂದು ಮಿಲಿಮೀಟರ್. ಹೀಗೆ ಕಮ್ಮಿ ಇಡದಿದ್ದರೆ ಜೇಬಿನ ಮೇಲಿನ ಫ್ಲಾಪು ಗಿಡ್ಡ ಅನಿಸುತ್ತದೆ. ಫ್ಲಾಪು ಜೇಬಿಗಿಂತ ಕೂದಲೆಳೆ ಅಗಲ ಇದ್ದರೇ ಚೆಂದ.

ಮಾರ್ಜಿನ್ ಮೂರು ಕಡೆ ಅರ್ಧ ಇಂಚಿಗೆ ಸ್ವಲ್ಪ ಕಮ್ಮಿ. ಮೇಲಿನ ಪಟ್ಟಿಯನ್ನು ಮೊದಲೇ ಮಡಚಿ ಹೊಲಿದು ಮುಗಿಸಿ, ಆಮೇಲೆ ರಟ್ಟಿಗೆ ಬನ್ನಿ. ಜೇಬಿನ ಪೀಸು ಕತ್ತರಿಸುವಾಗ ಉದ್ದದ ಎಳೆ ನೇರ ಇರಲಿ. ಓರೆಯಾಗಿದ್ದರೆ ಇಸ್ತ್ರಿ ಇಟ್ಟ ಕೂಡಲೇ ಒಂದು ಬದಿ ಹಿಗ್ಗುತ್ತದೆ. ಆಗ ರಟ್ಟು ಎಷ್ಟು ಸರಿಯಿದ್ದರೂ ಪ್ರಯೋಜನ ಇಲ್ಲ.

ಮೂಲೆ ಚೂಪಾಗಲು ಮಡಚುವ ಕ್ರಮ ಮುಖ್ಯ. ಹೆಚ್ಚಿನವರು ಮೊದಲು ಕೆಳಗಿನ ಅಂಚು, ಆಮೇಲೆ ಬದಿ ಮಡಚುತ್ತಾರೆ. ಆಗ ಮೂಲೆಯಲ್ಲಿ ಬಟ್ಟೆ ಗಂಟು ಕಟ್ಟಿ, ಒಂದು ಕಿವಿ ಹೊರಗೆ ಇಣುಕುತ್ತದೆ. ನಾನು ಮೊದಲು ಮೂಲೆಯನ್ನೇ ಓರೆಯಾಗಿ ರಟ್ಟಿನ ಮೇಲೆ ಮಡಚಿ ಒತ್ತುತ್ತೇನೆ. ಈ ಓರೆ ಮಡಿಕೆ ರಟ್ಟಿನ ತುದಿಗೆ ಬಿಗಿಯಾಗಿ ತಾಗಬಾರದು. ಒಂದು ಎಳೆಯಷ್ಟು ಜಾಗ ಬಿಡಿ. ತೀರಾ ಬಿಗಿ ಮಾಡಿದರೆ ತುದಿಯೇ ಕತ್ತರಿಸಿದ ಹಾಗಾಗಿ ಮೂಲೆ ಮೊಂಡಾಗುತ್ತದೆ. ಆಮೇಲೆ ಕೆಳಗಿನ ಅಂಚು, ಕೊನೆಗೆ ಎರಡು ಬದಿ. ಸರಿಯಾಗಿ ಬಂದಿದ್ದರೆ ಹಿಂದೆ ತಿರುಗಿಸಿದಾಗ ಮೂಲೆಯಲ್ಲಿ ಎರಡು ಮಡಿಕೆ ಓರೆ ಗೆರೆಯಲ್ಲಿ ಎದುರುಬದುರು ಕೂತಿರುತ್ತವೆ. ಹೆಚ್ಚಿನ ಬಟ್ಟೆ ಕತ್ತರಿಸುವುದಾದರೆ ಅರೆಕಾಲು ಇಂಚಾದರೂ ಉಳಿಸಿ. ಟೆರಿಕಾಟ್ ಎಳೆ ಬಿಡುವ ಬಟ್ಟೆ. ತುದಿಯವರೆಗೆ ಕತ್ತರಿಸಿದರೆ ಹತ್ತಾರು ಒಗೆತಕ್ಕೆ ಮೂಲೆ ಬಾಯಿ ಬಿಡುತ್ತದೆ.

ಇಸ್ತ್ರಿಯನ್ನು ಎಳೆಯಬೇಡಿ. ಇಟ್ಟು ಒತ್ತಿ, ಎತ್ತಿ, ಪಕ್ಕಕ್ಕೆ ಇಡಿ. ಮೇಲೆ ಒದ್ದೆ ಮಾಡಿ ಹಿಂಡಿದ ಮಲ್ ಬಟ್ಟೆ ಇರಲೇಬೇಕು, ಇಲ್ಲದಿದ್ದರೆ ಖಾಕಿ ಹೊಳಪು ಹೊಡೆಯುತ್ತದೆ. ಆ ಹೊಳಪು ಹೋಗುವುದಿಲ್ಲ.

ಇಲ್ಲಿವರೆಗೆ ನಮ್ಮ ಕೆಲಸದವರಿಗೆಲ್ಲ ಗೊತ್ತಿರುವುದೇ. ಆದರೂ ಬಹಳ ದಿನ ನನಗೆ ಟೆರಿಕಾಟ್ ಮಡಿಕೆ ನಿಲ್ಲುತ್ತಲೇ ಇರಲಿಲ್ಲ. ರಟ್ಟು ಎಳೆದ ಕೂಡಲೇ ಅಂಚು ನಿಧಾನ ಬಿಚ್ಚಿಕೊಳ್ಳುತ್ತಿತ್ತು. ಇಸ್ತ್ರಿ ಬಿಸಿ ಹೆಚ್ಚಿಸಿದೆ, ಆವಿ ಹೆಚ್ಚಿಸಿದೆ, ಗಂಜಿ ಹಾಕಿದೆ. ಸಮಸ್ಯೆ ಬಿಸಿಯಲ್ಲಿ ಇರಲೇ ಇಲ್ಲ, ಆರುವುದರಲ್ಲಿ ಇತ್ತು. ಟೆರಿಕಾಟಿನಲ್ಲಿರುವ ಪಾಲಿಯೆಸ್ಟರ್ ಬಿಸಿಯಲ್ಲಿ ಮೆತ್ತಗಾಗುತ್ತದೆ, ಆರುವಾಗ ಯಾವ ಆಕಾರದಲ್ಲಿದೆಯೋ ಅದನ್ನೇ ಹಿಡಿಯುತ್ತದೆ. ಬಿಸಿ ಇರುವಾಗಲೇ ರಟ್ಟು ಎಳೆದರೆ ಮಡಿಕೆ ತೆರೆದ ಸ್ಥಿತಿಯಲ್ಲೇ ಆರುತ್ತದೆ. ಹಾಗಾಗಿ ಈಗ ಐದಾರು ರಟ್ಟು ಒಟ್ಟಿಗೆ ಓಡಿಸುತ್ತೇನೆ. ಮಡಚಿದ ಜೇಬನ್ನು ರಟ್ಟಿನ ಸಮೇತ ಮರದ ಹಲಗೆ ಮೇಲೆ ಇಟ್ಟು, ಮೇಲೊಂದು ಹಲಗೆ, ಅದರ ಮೇಲೆ ಆರಿದ ಹಳೆಯ ಇದ್ದಿಲು ಇಸ್ತ್ರಿಪೆಟ್ಟಿಗೆ. ಆರನೆಯದು ಮುಗಿಸುವ ಹೊತ್ತಿಗೆ ಮೊದಲನೆಯದು ತಣ್ಣಗಾಗಿರುತ್ತದೆ. ಕೈಯಿಟ್ಟು ನೋಡಿ, ಬೆಚ್ಚಗೆ ಅನಿಸಿದರೂ ಎಳೆಯಬೇಡಿ. ಮರವೇ ಏಕೆಂದರೆ ಅದು ಆವಿಯನ್ನೂ ಹೀರುತ್ತದೆ. ಗ್ರಾನೈಟ್ ತುಂಡಿನ ಮೇಲೂ ಇಟ್ಟು ನೋಡಿದೆ, ಬೇಗ ತಣ್ಣಗಾಯಿತು, ಆದರೆ ಕೆಳಗೆ ತೇವ ಉಳಿಯಿತು.

ಇನ್ನು ಜೋಡಿ ಆಗುವ ಮಾತು. ನೀವು ಎಷ್ಟೇ ಜಾಗ್ರತೆಯಿಂದ ಕತ್ತರಿಸಿ, ಕೈಯಲ್ಲಿ ಕತ್ತರಿಸಿದ ರಟ್ಟು ಎರಡು ಪಕ್ಕವೂ ಸಮ ಇರುವುದಿಲ್ಲ. ಗೆರೆ ಎಳೆದು, ಅದೇ ರಟ್ಟನ್ನು ಮಗುಚಿ ಆ ಗೆರೆಯ ಮೇಲೇ ಇಟ್ಟು ನೋಡಿ, ವ್ಯತ್ಯಾಸ ಎದ್ದು ಕಾಣುತ್ತದೆ. ಅದಕ್ಕೇ ರಟ್ಟಿನ ಒಂದು ಮುಖಕ್ಕೆ 'ಎಡ', ಇನ್ನೊಂದಕ್ಕೆ 'ಬಲ' ಅಂತ ಬರೆಯಿರಿ. ಎಡ ಜೇಬಿಗೆ ಒಂದು ಮುಖ ಮೇಲೆ, ಬಲಕ್ಕೆ ಇನ್ನೊಂದು. ಜೋಡಿಗೆ ಒಂದೇ ರಟ್ಟು. ಆಗ ರಟ್ಟಿನಲ್ಲಿ ಒಂದು ಮೂಲೆ ಚೂರು ಕೆಳಗಿದ್ದರೂ, ಎರಡು ಜೇಬಲ್ಲೂ ಅದು ಗುಂಡಿಪಟ್ಟಿಯ ಕಡೆಗೇ ಬರುತ್ತದೆ. ಕಣ್ಣು ಅದನ್ನು ಸಮ ಅಂತಲೇ ಓದುತ್ತದೆ. ಮಗುಚದೆ ಇಟ್ಟರೆ ಎರಡೂ ಜೇಬು ಒಂದೇ ಕಡೆಗೆ ವಾಲಿ, ಇಡೀ ಶರ್ಟೇ ಸೊಟ್ಟ ಅನಿಸುತ್ತದೆ. ಇಷ್ಟು ಮಾಡಿದ ಮೇಲೆ ಜೇಬಿಗಾಗಿ ಶರ್ಟು ವಾಪಸ್ ಬರುವುದು ಹೆಚ್ಚುಕಮ್ಮಿ ನಿಂತೇಹೋಯಿತು.

ಜಾಗ ಗುರುತಿಸಲೂ ಅದೇ ರಟ್ಟು. ಅದರಲ್ಲಿ ಮೂಲೆಗಳಿಂದ ಕಾಲಿಂಚು ಒಳಗೆ ತೂತು ಮಾಡಿದ್ದೇನೆ. ಎರಡು ಮುಂದಿನ ಪೀಸನ್ನು ಎದುರುಬದುರು ಹಾಸಿ, ತೂತಿನಲ್ಲಿ ಚಾಕ್ ಚುಕ್ಕೆ. ಜೇಬು ಕೂತ ಮೇಲೆ ಚುಕ್ಕೆ ಒಳಗೆ ಮುಚ್ಚಿಹೋಗುತ್ತದೆ.

ಹೊಲಿಗೆಯಲ್ಲಿ ಒಂದು ಎಚ್ಚರ. ಮಿಷನ್‌ನ ಹಲ್ಲು ಕೆಳಗಿನ ಬಟ್ಟೆಯನ್ನು ಎಳೆಯುತ್ತದೆ, ಪಾದ ಮೇಲಿನದನ್ನು ತಡೆಯುತ್ತದೆ. ಹಾಗಾಗಿ ಜೇಬು ಸ್ವಲ್ಪ ಸರಿಯುತ್ತದೆ. ಎರಡು ಜೇಬನ್ನೂ ಎಡ ತುದಿಯಿಂದಲೇ ಶುರು ಮಾಡಿದರೆ ಎರಡೂ ಒಂದೇ ಕಡೆ ಸರಿದು, ಮಗುಚಿ ಇಸ್ತ್ರಿ ಮಾಡಿದ ಲಾಭ ಹೋಗುತ್ತದೆ. ಎರಡನ್ನೂ ಗುಂಡಿಪಟ್ಟಿ ಕಡೆಯ ಮೇಲ್ತುದಿಯಿಂದ ಶುರು ಮಾಡಿ. ಒಂದು ಜೇಬಿಗೆ ಬಟ್ಟೆ ಮಿಷನ್ ಕುತ್ತಿಗೆಯ ಒಳಗಡೆ ತುರುಕಬೇಕಾಗುತ್ತದೆ, ಕೈಗೆ ಅಭ್ಯಾಸ ಆಗಲು ಒಂದು ವಾರ ಬೇಕು. ಮೂಲೆಯಲ್ಲಿ ಕೊನೆಯ ಎರಡು ಹೊಲಿಗೆ ಚಕ್ರ ಕೈಯಲ್ಲಿ ತಿರುಗಿಸಿ ಹಾಕಿ, ಸೂಜಿ ಕೆಳಗಿರುವಾಗಲೇ ಪಾದ ಎತ್ತಿ ಬಟ್ಟೆ ತಿರುಗಿಸಿ.

ಗುಂಡುಸೂಜಿ ನಾನು ಬಳಸುವುದಿಲ್ಲ, ಅದು ಬಟ್ಟೆಯನ್ನು ಉಬ್ಬಿಸುತ್ತದೆ. ಮೈದಾ ಅಂಟಿನ ಸಣ್ಣ ಗೆರೆ ಮಾರ್ಜಿನ್ ಮೇಲೆ ಹಚ್ಚಿ, ಇಸ್ತ್ರಿ ಒತ್ತಿ ಕೂರಿಸುತ್ತೇನೆ. ಮೊದಲ ಒಗೆತಕ್ಕೆ ಹೋಗುತ್ತದೆ. ಅಂಟಿಗೆ ಏನು ಬೆರೆಸಿದರೆ ಹುಳ ಬರುವುದಿಲ್ಲ, ಸೂಜಿಗೂ ಹತ್ತುವುದಿಲ್ಲ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಚೌಕಳಿ ಬಟ್ಟೆಗೂ ರಟ್ಟು ನಡೆಯುತ್ತದೆ. ರಟ್ಟನ್ನು ಶರ್ಟಿನ ಮೇಲೆ ಇಟ್ಟು, ಚೌಕಳಿ ಗೆರೆಗಳು ಅಂಚಿಗೆ ಎಲ್ಲಿ ತಾಗುತ್ತವೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ, ಅದೇ ಗುರುತಿಗೆ ಜೇಬಿನ ಬಟ್ಟೆ ಕೂರಿಸುತ್ತೇನೆ. ದುಂಡು ಮೂಲೆಗೆ ಮಾರ್ಜಿನ್‌ನಲ್ಲಿ ಉದ್ದ ಹೊಲಿಗೆ ಹಾಕಿ ದಾರ ಎಳೆದರೆ ಬಟ್ಟೆ ರಟ್ಟನ್ನು ಸುತ್ತಿಕೊಳ್ಳುತ್ತದೆ. ಆಗುವುದಿಲ್ಲ ಅನ್ನುವುದು ದಪ್ಪ ಜೀನ್ಸಿನ ಚೌಕ ಮೂಲೆಗೆ. ಅಲ್ಲಿ ಓರೆ ಮಡಿಕೆಯೇ ಗುಡ್ಡೆಯಾಗಿ ಪಾದ ಹತ್ತುವುದಿಲ್ಲ, ಅದಕ್ಕೆ ಮೂಲೆ ಕತ್ತರಿಸಿದ ಆಕಾರವೇ ಸರಿ.

ಸಮಯದ ಲೆಕ್ಕ ಕೇಳಿದರೆ, ಇಸ್ತ್ರಿಗೆ ಜೇಬಿಗೆ ಒಂದೂವರೆ ಎರಡು ನಿಮಿಷ ಜಾಸ್ತಿ ಹೋಗುತ್ತದೆ, ಮಿಷನ್ ಮೇಲೆ ಅದಕ್ಕಿಂತ ಸ್ವಲ್ಪ ಹೆಚ್ಚೇ ಉಳಿಯುತ್ತದೆ. ಕರೆಂಟ್ ಬಿಲ್ ತಿಂಗಳಿಗೆ ಇನ್ನೂರು ಮುನ್ನೂರು ಏರಿದೆ. ಅದೇ ಗಿರಾಕಿ ಈಗ ಶರ್ಟಿಗೆ ಇಪ್ಪತ್ತು ರೂಪಾಯಿ ಜಾಸ್ತಿ ಕೊಡುತ್ತಾರೆ. ಮಾಸ್ಟರ್ ಹೋದ ತಿಂಗಳು ಸಫಾರಿ ಒಂದಕ್ಕೆ ನನ್ನ ರಟ್ಟು ಕೇಳಿ ತರಿಸಿಕೊಂಡರು. ತಾಯಿ ರಟ್ಟು ಕೊಡಲಿಲ್ಲ, ನಕಲು ಕೊಟ್ಟೆ.