ಬಣ್ಣ ಹಚ್ಚಿದ ಹಳೇ ಫೋಟೋ: ಯೂನಿಫಾರ್ಮ್ ಗುರುತಿಸುವ ಮುನ್ನ ಏನು ನೋಡಬೇಕು?

ಮೂಡಿಗೆರೆಯ ನಮ್ಮ ಸೋದರತ್ತೆಯ ಮನೆಯಲ್ಲಿ ಒಂದು ಕಪ್ಪು-ಬಿಳುಪು ಫೋಟೋ ಇದೆ. ಹಿಂದೆ ಪೆನ್ಸಿಲಿನಲ್ಲಿ 1944 ಎಂದು ಬರೆದಿದೆ. ಕುರ್ಚಿಯಲ್ಲಿ ಅಜ್ಜಿ, ಪಕ್ಕದಲ್ಲಿ ಯೂನಿಫಾರ್ಮ್ ಹಾಕಿ ನಿಂತ ಅಜ್ಜಿಯ ಅಣ್ಣ. ಅತ್ತೆಯ ಮಗ ಇದನ್ನು ಮೊಬೈಲ್ ಆ್ಯಪಿಗೆ ಹಾಕಿ ಬಣ್ಣ ಬರಿಸಿದ. ಅಂಗಿ ಕಡುನೀಲಿಯಾಗಿ ಬಂತು. ಅವತ್ತಿನಿಂದ ಅವರು ‘ನೇವಿಯಲ್ಲಿದ್ದ ಅಜ್ಜ’ ಆಗಿಬಿಟ್ಟರು. ಮನೆಯವರು ನೌಕಾಪಡೆಯ ದಾಖಲೆ ಹುಡುಕಲು ಶುರುಮಾಡಿದರು.

ತಪ್ಪನ್ನು ಮೊದಲು ಹಿಡಿದದ್ದು ಅತ್ತೆ. ಬಣ್ಣದ ಫೋಟೋದಲ್ಲಿ ಅಜ್ಜಿಯ ಸೀರೆ ಕಪ್ಪಗಿತ್ತು. “ಅದು ಮದುವೆ ಸೀರೆ ಕಣೋ, ಕಪ್ಪು ಯಾರು ಉಡ್ತಾರೆ?” ಎಂದು ಪೆಟ್ಟಿಗೆ ತೆಗೆದು ಸೀರೆಯನ್ನೇ ತೋರಿಸಿದರು. ಅಚ್ಚ ಕೆಂಪು.

ಯಾಕೆ ಹೀಗಾಯಿತು? ಹಳೆಯ ಕಾಲದಲ್ಲಿ ಬಳಸುತ್ತಿದ್ದ ಆರ್ಥೋಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಬೆಳಕು ಕಾಣುತ್ತಲೇ ಇರಲಿಲ್ಲ. ಹಾಗಾಗಿ ಕೆಂಪು ಬಟ್ಟೆ ಕಪ್ಪಗೆ ಮೂಡುತ್ತಿತ್ತು. ನೀಲಿ ಮಾತ್ರ ಕಣ್ಣಿಗೆ ಕಾಣುವುದಕ್ಕಿಂತ ತಿಳಿಯಾಗಿ ಬರುತ್ತಿತ್ತು. ಖಾಕಿಯಲ್ಲಿ ನೀಲಿ ಕಡಿಮೆ, ಅದಕ್ಕೇ ಅದು ಒಂದಿಷ್ಟು ಗಾಢವಾಗುತ್ತಿತ್ತು. ಆ್ಯಪಿಗೆ ಯಾವ ಫಿಲ್ಮಿನಲ್ಲಿ ತೆಗೆದದ್ದು ಎನ್ನುವುದು ಗೊತ್ತಿಲ್ಲ. ಗಾಢ ಬೂದು ಬಣ್ಣದ ಅಂಗಿ ಕಂಡರೆ, ತಾನು ಕಲಿತ ಸಾವಿರಾರು ಚಿತ್ರಗಳಲ್ಲಿ ಅಂಥ ಅಂಗಿಗೆ ಯಾವ ಬಣ್ಣ ಜಾಸ್ತಿ ಇತ್ತೋ ಅದನ್ನೇ ತುಂಬುತ್ತದೆ. ಇಲ್ಲಿ ಸೀರೆಯ ಕೆಂಪು ಕಪ್ಪಾಗಿದೆ ಎಂದರೆ ಅದೇ ಫ್ರೇಮಿನ ಅಂಗಿ ಖಾಕಿ ಇರಬಹುದು ಎನ್ನುವ ಅನುಮಾನಕ್ಕೆ ಬಲ ಬಂತು. ಬಣ್ಣ ಖಂಡಿತ ಗೊತ್ತಿರುವ ಒಂದು ವಸ್ತು ಫೋಟೋದಲ್ಲಿ ಇದ್ದರೆ ಮಾತ್ರ ಇಷ್ಟು ಹೇಳಬಹುದು. ಸೀರೆ, ಬಾವುಟ, ಈಗಲೂ ಮನೆಯಲ್ಲಿರುವ ಶಾಲು, ಹೀಗೆ ಏನಾದರೂ ಇದೆಯಾ ಎಂದು ಮೊದಲು ಹುಡುಕಿ.

ಆಮೇಲೆ ಬಣ್ಣದ ಚಿತ್ರವನ್ನೇ ಪರೀಕ್ಷೆಗೆ ಒಡ್ಡಿ. ಮೂಲ ಫೋಟೋದಲ್ಲಿ ಆ ವ್ಯಕ್ತಿಯನ್ನಷ್ಟೇ ಕತ್ತರಿಸಿ ಅದೇ ಆ್ಯಪಿಗೆ ಮತ್ತೆ ಕೊಡಿ. ನಾವು ಹೀಗೆ ಮಾಡಿದಾಗ ನೀಲಿ ಅಂಗಿ ಹಸಿರು ಮಿಶ್ರಿತ ಕಂದು ಆಯಿತು. ಅಂದರೆ ಆ ನೀಲಿ ಫೋಟೋದ ಒಳಗಿನಿಂದ ಬಂದದ್ದಲ್ಲ, ಸುಮ್ನೆ ಊಹೆ. ಎರಡು ಸಲವೂ ಒಂದೇ ಬಣ್ಣ ಬಂದರೆ ಅದು ನಿಜ ಅಂತಲ್ಲ, ಅದೇ ಊಹೆ ಮತ್ತೆ ಬಂದಿರಬಹುದು.

ಇನ್ನೊಂದು ಪರೀಕ್ಷೆ ಇದಕ್ಕಿಂತ ಮುಖ್ಯ. ಬಣ್ಣದ ಚಿತ್ರದ ಸ್ಯಾಚುರೇಶನ್ ಸೊನ್ನೆಗೆ ಇಳಿಸಿ ಮತ್ತೆ ಕಪ್ಪು-ಬಿಳುಪು ಮಾಡಿ. ಮೂಲವನ್ನು 600 ಡಿಪಿಐಗೆ ಸ್ಕ್ಯಾನ್ ಮಾಡಿ ಪಕ್ಕದಲ್ಲಿಟ್ಟು, ಭುಜ, ತೋಳು, ಗುಂಡಿ, ಬೆಲ್ಟಿನ ಬಕಲ್ ಇಷ್ಟನ್ನೂ ಒಂದೊಂದಾಗಿ ಹೋಲಿಸಿ. ಬರೀ ಬಣ್ಣ ಹಚ್ಚಿದ್ದರೆ ಎರಡೂ ಹೆಚ್ಚುಕಡಿಮೆ ಒಂದೇ ಥರ ಇರಬೇಕು. ನಮ್ಮದರಲ್ಲಿ ಹಾಗಿರಲಿಲ್ಲ. ಆ್ಯಪ್ ಚಿತ್ರವನ್ನು ‘ಸ್ಪಷ್ಟ’ ಮಾಡುವ ಕೆಲಸವನ್ನೂ ಸೇರಿಸಿತ್ತು. ಬಲತೋಳಿನ ಪಟ್ಟಿಗಳು ಬಟ್ಟೆಯ ಮಡಿಕೆಯಂತೆ ಕರಗಿಹೋಗಿದ್ದವು. ಭುಜದ ಮೇಲಿದ್ದ ಲೋಹದ ಅಕ್ಷರಗಳು ಒಂದು ನಯವಾದ ಗುಂಡಿಯಾಗಿದ್ದವು.

ಹಾಗಾಗಿ ಗುರುತಿಸುವ ಕೆಲಸ ಮೂಲದ ಮೇಲೇ ಆಗಬೇಕು, ಆಕಾರ ನೋಡಿಯೇ ಆಗಬೇಕು. ಎಡತೋಳಿನಲ್ಲಿ ಮಾತ್ರ ಪಟ್ಟಿ ಉಳಿದದ್ದು ನಮ್ಮವರನ್ನು ಇನ್ನಷ್ಟು ದಾರಿ ತಪ್ಪಿಸಿತ್ತು. ಯಾಕೆಂದರೆ ಆ ಕಾಲದ ನೌಕಾಪಡೆಯಲ್ಲಿ ಒಳ್ಳೆ ನಡತೆಗೆ ಕೊಡುತ್ತಿದ್ದ ಪಟ್ಟಿಗಳು ಎಡತೋಳಿನಲ್ಲಿ ಮಾತ್ರ ಇರುತ್ತಿದ್ದವು. ಮೂಲ ಫೋಟೋದಲ್ಲಿ ಎರಡೂ ತೋಳಿನಲ್ಲಿ, ಮೊನೆ ಕೆಳಗಾಗಿರುವ ಎರಡೆರಡು ಪಟ್ಟಿಗಳಿವೆ. ಭೂಸೇನೆಯಲ್ಲಿ ಒಂದು ಪಟ್ಟಿ ಲ್ಯಾನ್ಸ್ ನಾಯಕ್, ಎರಡು ನಾಯಕ್, ಮೂರು ಹವಾಲ್ದಾರ್. ಪಟ್ಟಿ ಒಂದನ್ನೇ ನಂಬುವ ಹಾಗಿಲ್ಲ, ಪೊಲೀಸರಿಗೂ ಪಟ್ಟಿ ಇರುತ್ತವೆ ಅಲ್ವಾ. ಅದಕ್ಕೇ ಭುಜದ ಅಕ್ಷರ ಬೇಕು. ಸ್ಕ್ಯಾನನ್ನು ದೊಡ್ಡದು ಮಾಡಿ ನೋಡಿದಾಗ ಆರ್.ಐ.ಎ.ಎಸ್.ಸಿ. ಎಂದು ಓದಲು ಬಂತು. ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್, ಅಂದರೆ ಸೇನೆಗೆ ಸಾಮಾನು-ಸರಂಜಾಮು ಮತ್ತು ಲಾರಿ ಸಾಗಾಟ ನೋಡಿಕೊಳ್ಳುತ್ತಿದ್ದ ದಳ.

ಇಷ್ಟರಿಂದ ದಳ ಮತ್ತು ದರ್ಜೆ ಸಿಕ್ಕಿತು. ಅವರು ಯಾವ ಊರಿಗೆ ಹೋದರು, ಯುದ್ಧ ನೋಡಿದರಾ ಎನ್ನುವುದು ಫೋಟೋದಲ್ಲಿಲ್ಲ. ಅಂಗಿ ಖಾಕಿಯೋ, ಬರ್ಮಾ ಕಾಡಿನ ಯುದ್ಧಕ್ಕೆಂದು ಬಂದ ಹಸಿರು ಬಟ್ಟೆಯೋ ಎನ್ನುವುದನ್ನೂ ಬೂದು ಬಣ್ಣ ನೋಡಿ ಹೇಳಲಾಗದು.

ಈಗ ಅತ್ತೆಯ ಮಗ ಬಣ್ಣದ ಪ್ರತಿಯ ಕೆಳಗೆ, ಚಿತ್ರದ ಮೇಲೆಯೇ, “ಬಣ್ಣ ಊಹೆಯದು, ಮೂಲ ಕಪ್ಪು-ಬಿಳುಪು, 1944” ಎಂದು ಬರೆದಿದ್ದಾನೆ. ಫೈಲಿನ ಹೆಸರಿನಲ್ಲಿ ಮಾತ್ರ ಬರೆದರೆ ವಾಟ್ಸಾಪಿನಲ್ಲಿ ನಾಲ್ಕು ಜನರಿಗೆ ಹೋಗುವಷ್ಟರಲ್ಲಿ ಆ ಹೆಸರು ಉಳಿಯುವುದಿಲ್ಲ. ಮೂಲದ ಸ್ಕ್ಯಾನ್, ಹಿಂಬದಿಯ ಪೆನ್ಸಿಲ್ ಬರಹದ ಸ್ಕ್ಯಾನ್ ಎರಡನ್ನೂ ಅದರ ಜೊತೆಗೇ ಕಳಿಸುತ್ತಾನೆ.