ರೇಂಜ್ ಹೋಯ್ತಾ? ಟವರಿಗೆ ಬೈಯುವ ಮೊದಲು ಇದನ್ನು ನೋಡಿ

ಮಳೆಗಾಲದಲ್ಲಿ ನಮ್ಮ ಕಡೆ ಫೋನಿಗೆ ರೇಂಜ್ ಇಲ್ಲ ಅಂದ್ರೆ ಅದು ಸುದ್ದಿಯೇ ಅಲ್ಲ. ಕರೆಂಟ್ ಹೋಗಿರ್ತದೆ, ಟವರಿನ ಬ್ಯಾಟರಿ ಮುಗಿದಿರ್ತದೆ, ನಾಳೆ ಬೆಳಿಗ್ಗೆ ಸರಿ ಆಗ್ತದೆ ಅಂತ ಫೋನ್ ಬದಿಗಿಟ್ಟು ಮಲಗ್ತೇವೆ. ನಮ್ಮ ನಂಬರನ್ನು ತನ್ನ ಕೈಯಲ್ಲಿರುವ ಸಿಮ್ಮಿಗೆ ಹಾಕಿಸ್ಕೊಳ್ಳುವ, ಅಂದ್ರೆ ಸಿಮ್ ಸ್ವಾಪ್ ಮಾಡುವ ಕಳ್ಳನಿಗೆ ಬೇಕಾದ್ದು ನಮ್ಮ ಇದೇ ತಾಳ್ಮೆ. ದುಡ್ಡು ಕಳ್ಕೊಂಡವರು ಎಲ್ಲಿ ಎಡವಿದ್ರು ಅಂತ ಕೇಳಿದ್ರೆ ಹೆಚ್ಚಿನವರ ಉತ್ತರ ಒಂದೇ, "ನೆಟ್‌ವರ್ಕ್ ಪ್ರಾಬ್ಲೆಮ್ ಅಂತ ಎಣಿಸಿದ್ದು ಮಾರ್ರೆ." ಹಾಗಾಗಿ ಈ ಲೇಖನದಲ್ಲಿ ಹೆಚ್ಚು ಜಾಗ ಕೊಡುವುದು ಆ ಒಂದು ಘಟ್ಟಕ್ಕೇ, ಉಳಿದದ್ದು ಬೇಗ ಬೇಗ ಮುಗಿಸ್ತೇನೆ.

ಮೊದಲು, ಒಟಿಪಿ ಹೇಗೆ ಇನ್ನೊಬ್ಬನ ಕೈಗೆ ಹೋಗ್ತದೆ

ಒಟಿಪಿ ನಿಮ್ಮ ಫೋನಿಗೆ ಬರುವುದಲ್ಲ, ನಿಮ್ಮ ನಂಬರಿಗೆ ಬರುವುದು. ನಂಬರ್ ಸಿಮ್ಮಿನ ಒಳಗೆ ಕೂತಿರ್ತದೆ ಅಂತ ಸುಮಾರು ಜನ ತಿಳ್ಕೊಂಡಿದ್ದಾರೆ, ಹಾಗೆಂತ ಇಲ್ಲ. ಸಿಮ್ಮಿಗೆ ಅದರದ್ದೇ ಬೇರೆ ಗುರುತಿನ ಸಂಖ್ಯೆ ಉಂಟು, ಈ ನಂಬರ್ ಸದ್ಯ ಈ ಸಿಮ್ಮಿಗೆ ಸೇರಿದ್ದು ಅಂತ ಕಂಪನಿಯ ಕಂಪ್ಯೂಟರಿನಲ್ಲಿ ಒಂದು ಸಾಲು ಬರೆದಿರ್ತದೆ, ಅಷ್ಟೆ. ನೀವು ಸಿಮ್ ಕಳ್ಕೊಂಡು ಡುಪ್ಲಿಕೇಟ್ ಸಿಮ್ ತಗೊಳ್ಳುವಾಗ ಅಂಗಡಿಯವ ಮಾಡುವುದು ಆ ಸಾಲನ್ನು ತಿದ್ದುವ ಕೆಲಸವೇ. ಪೋಸ್ಟಾಫೀಸಿನಲ್ಲಿ ಯಾರೋ ನಿಮ್ಮ ಹೆಸರಲ್ಲಿ ವಿಳಾಸ ಬದಲಿಸಿ ಬಂದ ಹಾಗೆ, ಪೋಸ್ಟ್‌ಮ್ಯಾನ್ ಪ್ರಾಮಾಣಿಕನೇ, ಕಾಗದ ಮಾತ್ರ ಬೇರೆ ಮನೆಗೆ ಹೋಗ್ತದೆ. ತಿದ್ದಿದ ಕೂಡ್ಲೆ ನಿಮ್ಮ ಕೈಯಲ್ಲಿರುವ ಸಿಮ್ ಸತ್ತ ಹಾಗೆ.

ಆ ಸಾಲು ತಿದ್ದಿಸುವ ದಾರಿ ಮೂರು. ನಕಲಿ ಐಡಿ ಹಿಡ್ಕೊಂಡು ಅಂಗಡಿಗೆ ಹೋಗುವುದು, ಅಂಗಡಿಯವನನ್ನೇ ಒಳಗೆ ಹಾಕ್ಕೊಳ್ಳುವುದು, ಅಥವಾ ನಿಮ್ಮ ಕೈಯಿಂದಲೇ ಮಾಡಿಸುವುದು. ಮೂರನೇದು ಎಲ್ಲಕ್ಕಿಂತ ಸುಲಭ. "ಸರ್, ನಿಮ್ಮ ಸಿಮ್ 5ಜಿಗೆ ಅಪ್‌ಗ್ರೇಡ್ ಆಗ್ಬೇಕು, ಇಲ್ಲದಿದ್ರೆ ನಾಳೆ ಬಂದ್ ಆಗ್ತದೆ" ಅಂತ ಕಾಲ್ ಬರ್ತದೆ, ಸಿಮ್ಮಿನ ಮೇಲೆ ಪ್ರಿಂಟ್ ಆದ ಉದ್ದದ ನಂಬರ್ ಕೇಳ್ತಾರೆ, ಅಥವಾ ಅವರು ಹೇಳಿದ ಮೆಸೇಜ್ ಕಳಿಸಿ 1 ಒತ್ತಿ ಅಂತಾರೆ, ಇ-ಸಿಮ್ ಆದ್ರೆ ಬಂದ ಕ್ಯೂಆರ್ ಕೋಡ್ ಫಾರ್ವರ್ಡ್ ಮಾಡಿ ಅಂತಾರೆ. ಒತ್ತಿದ್ರೆ ಮುಗೀತು, ಒಪ್ಪಿಗೆ ಕೊಟ್ಟದ್ದು ನೀವೇ ಅಂತ ದಾಖಲೆ ಆಗ್ತದೆ.

ಮೊದಲನೇ ದಾರಿ ನಮ್ಮ ಊರಿನ ಸೋಮಾರಿ ಅಂಗಡಿಗಳಲ್ಲಿ ಮಾತ್ರ ನಡೆಯುವುದು ಅಂತ ಎಣಿಸಬೇಡಿ. 2024ರ ಜನವರಿಯಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಣ ಸಂಸ್ಥೆ ಎಸ್‌ಇಸಿಯ ಎಕ್ಸ್ ಖಾತೆಯನ್ನೇ ಹೀಗೆ ಹಾರಿಸಿದ್ರು. ಒಬ್ಬ ನಕಲಿ ಐಡಿ ಪ್ರಿಂಟ್ ಮಾಡಿ ಮೊಬೈಲ್ ಅಂಗಡಿಗೆ ಹೋಗಿ ಹೊಸ ಸಿಮ್ ತಗೊಂಡ, ಅದಕ್ಕೆ ಬಂದ ಕೋಡನ್ನು ಜೊತೆಗಾರರಿಗೆ ಕೊಟ್ಟ, ಅವರು ಬಿಟ್‌ಕಾಯಿನ್ ಬಗ್ಗೆ ಸುಳ್ಳು ಪೋಸ್ಟ್ ಹಾಕಿದ್ರು, ಬಿಟ್‌ಕಾಯಿನ್ ರೇಟು ಏರಿ ಇಳೀತು. ಪಾಸ್‌ವರ್ಡ್ ಕದಿಯುವ ಗೋಜೇ ಇರಲಿಲ್ಲ, ನಂಬರ್ ಕೈಗೆ ಬಂದ್ರೆ ಪಾಸ್‌ವರ್ಡ್ ರೀಸೆಟ್ ಮಾಡ್ಲಿಕ್ಕೆ ಆಗ್ತದೆ.

24 ಗಂಟೆಯ ಲೆಕ್ಕ

ನಮ್ಮಲ್ಲಿ ಒಂದು ಒಳ್ಳೆ ನಿಯಮ ಉಂಟು. ಸಿಮ್ ಬದಲಾದ ಮೇಲೆ 24 ಗಂಟೆ ಹೊಸ ಸಿಮ್ಮಿಗೆ ಎಸ್‌ಎಂಎಸ್ ಬರಬಾರದು, ಹೋಗಲೂಬಾರದು ಅಂತ ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಹೇಳಿದೆ. ಅಂದ್ರೆ ಕಳ್ಳನ ಕೈಗೆ ನಂಬರ್ ಬಂದ್ರೂ ಬ್ಯಾಂಕಿನ ಒಟಿಪಿ ಮೆಸೇಜ್ ಬರ್ಲಿಕ್ಕೆ ಒಂದು ದಿನ ಬೇಕು, ಯುಪಿಐ ಆ್ಯಪ್ ನೋಂದಣಿಗೂ ಫೋನಿಂದ ಮೆಸೇಜ್ ಹೋಗ್ಬೇಕು, ಅದೂ ನಿಲ್ತದೆ. ಆ ಒಂದು ದಿನ ನಿಮ್ಮದು. ಆದ್ರೆ ಇದು ತಡೆಯುವುದು ಎಸ್‌ಎಂಎಸ್ಸನ್ನು ಮಾತ್ರ, ಫೋನ್ ಕಾಲಿನಲ್ಲಿ ಓದಿ ಹೇಳುವ ಕೋಡನ್ನಲ್ಲ. ವಾಟ್ಸಾಪ್ ಕೋಡನ್ನು ಕಾಲ್ ಮಾಡಿಸಿ ತಗೊಳ್ಬಹುದು ಅಲ್ವಾ, ಆ ಬಾಗಿಲು ತೆರೆದೇ ಇರ್ತದೆ.

ನನ್ನ ಪರಿಚಯದ ಬಿಜೈ ಕಡೆಯ ಒಬ್ರು ರಿಟೈರ್ಡ್ ಮೇಷ್ಟ್ರಿಗೆ ಆದದ್ದು ನೋಡಿ. ಎರಡನೇ ಶನಿವಾರದ ಹಿಂದಿನ ಶುಕ್ರವಾರ ಮಧ್ಯಾಹ್ನ ಅಪ್‌ಗ್ರೇಡಿನ ಕಾಲ್ ಬಂತು, 1 ಒತ್ತಿದ್ರು. ಅದಕ್ಕೂ ಮೊದಲೇ ಬ್ಯಾಂಕ್ ಕೆವೈಸಿ ಅಂತ ಬಂದ ಯಾವುದೋ ಲಿಂಕಿನಲ್ಲಿ ನೆಟ್‌ಬ್ಯಾಂಕಿಂಗ್ ಐಡಿ, ಪಾಸ್‌ವರ್ಡ್ ಎರಡೂ ತುಂಬಿಸಿ ಆಗಿತ್ತು. ಸಂಜೆ ರೇಂಜ್ ಹೋಯ್ತು, ಜೋರು ಮಳೆ, ಟವರ್ ಅಂದ್ಕೊಂಡ್ರು. ಶನಿವಾರ ಬ್ಯಾಂಕ್ ರಜೆ. ಶನಿವಾರ ರಾತ್ರಿ, 24 ಗಂಟೆ ಕಳೆದ ಮೇಲೆ, ಆಚೆಯವ ಲಾಗಿನ್ ಆಗಿ ಮೊದಲು ಎಫ್‌ಡಿಯನ್ನೇ ಆನ್‌ಲೈನಲ್ಲಿ ಮುರಿದ, ದುಡ್ಡು ಎಸ್‌ಬಿ ಖಾತೆಗೆ ಬಂತು, ಅಲ್ಲಿಂದ ತುಂಡು ತುಂಡಾಗಿ ಬೇರೆ ಖಾತೆಗಳಿಗೆ ಕಳಿಸಿದ. ಬ್ಯಾಂಕಿಂದ ಪ್ರತಿಯೊಂದಕ್ಕೂ ಇಮೇಲ್ ಬಂದಿತ್ತು, ಮಗಳು ಯಾವತ್ತೋ ಮಾಡಿ ಕೊಟ್ಟ ಇಮೇಲ್, ಅದನ್ನು ತೆರೆಯುವವರೇ ಇರಲಿಲ್ಲ. ಶುಕ್ರವಾರ ರಾತ್ರಿ ಒಂದು ಫೋನ್ ಮಾಡಿದ್ರೆ ಒಂದು ರೂಪಾಯಿಯೂ ಹೋಗ್ತಿರಲಿಲ್ಲ.

ಈಗ ಮುಖ್ಯ ಹಂತ: ಟವರಾ, ಸ್ವಾಪಾ?

ರೇಂಜ್ ಹೋದ ಕೂಡ್ಲೆ ಒಮ್ಮೆ ರೀಸ್ಟಾರ್ಟ್ ಮಾಡಿ. ಒಮ್ಮೆ ಸಾಕು, ಹತ್ತು ಸಲ ಮಾಡ್ತಾ ಕೂರಬೇಡಿ. ಆಮೇಲೆ ಮನೆಯಲ್ಲೋ ಪಕ್ಕದ ಮನೆಯಲ್ಲೋ ಅದೇ ಕಂಪನಿಯ ಸಿಮ್ ಇರುವವರ ಫೋನ್ ನೋಡಿ. ಕಂಪನಿ ಅದೇ ಆಗಿರ್ಬೇಕು, ಬೇರೆ ಕಂಪನಿಗೆ ರೇಂಜ್ ಉಂಟು ಅಂತ ನೋಡಿ ಪ್ರಯೋಜನ ಇಲ್ಲ. ಅವರಿಗೂ ಇಲ್ಲದಿದ್ರೆ ಟವರೇ ಇರಬಹುದು, ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ. ಅವರಿಗೆ ಫುಲ್ ರೇಂಜ್ ಇದ್ದು ನಿಮ್ಮದರಲ್ಲಿ ಮಾತ್ರ No Service ಅಥವಾ Emergency calls only ಅಂತ ಇದ್ರೆ ಮುಂದಿನದ್ದು ಮಾಡಿ.

ಅವರ ಫೋನಿಂದ ನಿಮ್ಮ ನಂಬರಿಗೆ ಕಾಲ್ ಮಾಡಿ. ಇಲ್ಲಿ ಜನ ತಪ್ಪು ಅರ್ಥ ಮಾಡ್ಕೊಳ್ತಾರೆ, ಹಾಗಾಗಿ ನಿಧಾನ ಓದಿ. ರಿಂಗ್ ಕೇಳಿಸಿ ನಿಮ್ಮ ಕೈಯಲ್ಲಿರುವ ಫೋನ್ ಸುಮ್ಮನಿದ್ರೆ ನಿಮ್ಮ ಕಾಲು ಬೇರೆಲ್ಲೋ ಹೋಗ್ತಾ ಉಂಟು, ಸಿಮ್ ಸ್ವಾಪೋ ಕಾಲ್ ಫಾರ್ವರ್ಡೋ ಎರಡೂ ಅಪಾಯವೇ, ಇನ್ನು ಪರೀಕ್ಷೆ ಬೇಡ, ಸೀದಾ ಬ್ಯಾಂಕಿಗೆ ಫೋನ್. ಯಾರಾದ್ರೂ ಎತ್ತಿದ್ರೆ ಜಗಳಕ್ಕೆ ನಿಲ್ಲಬೇಡಿ, ಇಡಿ. ಆದ್ರೆ "ಸ್ವಿಚ್ ಆಫ್ ಆಗಿದೆ" ಅಂತ ಬಂದ್ರೆ ಸಮಾಧಾನ ಪಡ್ಲಿಕ್ಕೆ ಇಲ್ಲ, ಕಳ್ಳನೂ ಹೊಸ ಸಿಮ್ ಇರುವ ಫೋನ್ ಆಫ್ ಮಾಡಿ ಇಟ್ಟಿರಬಹುದು. ಆಗ ನಿಮ್ಮ ಸಿಮ್ ತೆಗೆದು ಇನ್ನೊಂದು ಫೋನಿಗೆ ಹಾಕಿ. ಅಲ್ಲಿ ಕೆಲಸ ಮಾಡಿದ್ರೆ ನಿಮ್ಮ ಫೋನಿನದ್ದೇ ತೊಂದರೆ. ಅಲ್ಲಿಯೂ ಸತ್ತಿದ್ರೆ ಸ್ವಾಪ್ ಅಂತಲೇ ಲೆಕ್ಕ ಹಿಡಿಯಿರಿ. ಸುಮ್ಮನೆ ಬ್ಯಾಂಕ್ ಖಾತೆ ಲಾಕ್ ಮಾಡಿಸಿದ್ರೆ ಮರುದಿನ ಒಂದು ಗಂಟೆ ಬ್ರಾಂಚಿನಲ್ಲಿ ಕೂರ್ಬೇಕಾದೀತು, ಅಷ್ಟೇ ನಷ್ಟ.

ಹಿಂದಿನ ದಿನದ ಮೆಸೇಜುಗಳನ್ನೂ ನೋಡಿ. ಸಿಮ್ ಬದಲಿಸುವ ರಿಕ್ವೆಸ್ಟ್ ಬಂದಿದೆ, ನೀವು ಮಾಡಿದ್ದಲ್ಲದಿದ್ರೆ ತಿಳಿಸಿ ಅಂತ ಕಂಪನಿಯಿಂದ ಬಂದಿದ್ರೆ ಅನುಮಾನವೇ ಬೇಡ. ಇನ್ನೊಂದು ತಂತ್ರ ಉಂಟು, ಬೇಕಂತಲೇ ಸಾಲು ಸಾಲು ಕಾಲ್ ಮಾಡಿ ತಲೆ ಕೆಡಿಸುವುದು, ನೀವೇ ಬೇಸತ್ತು ಫೋನ್ ಆಫ್ ಮಾಡ್ಲಿ ಅಂತ. ಹಾಗೆ ಬಂದ್ರೆ ಸೈಲೆಂಟ್ ಹಾಕಿ, ಆಫ್ ಮಾಡಬೇಡಿ.

ಫೋನ್ ಮಾಡುವ ಕ್ರಮ

ಮೊದಲು ಬ್ಯಾಂಕ್, ಆಮೇಲೆ ಮೊಬೈಲ್ ಕಂಪನಿ, ಆಮೇಲೆ ಸೈಬರ್ ಮೋಸದ ಸಹಾಯವಾಣಿ 1930. ಹೆಚ್ಚಿನವರು ಮೊದಲು ಮೊಬೈಲ್ ಕಂಪನಿಗೆ ಹಚ್ತಾರೆ, ಅಲ್ಲಿ ಮ್ಯೂಸಿಕ್ ಕೇಳ್ತಾ ಕೂತಲ್ಲೇ ಸಮಯ ಹೋಗ್ತದೆ. ಬ್ಯಾಂಕಿಗೆ ಹೇಳ್ಬೇಕಾದ್ದು: ನೆಟ್‌ಬ್ಯಾಂಕಿಂಗ್, ಕಾರ್ಡ್, ಯುಪಿಐ ಮೂರೂ ಬ್ಲಾಕ್ ಮಾಡಿ, ದೂರಿನ ನಂಬರ್ ಕೊಡಿ. ಆ ನಂಬರನ್ನು, ಹೊತ್ತನ್ನು ಬರೆದಿಟ್ಟುಕೊಳ್ಳಿ. ನಿಮ್ಮದೂ ಬ್ಯಾಂಕಿನದ್ದೂ ತಪ್ಪಿಲ್ಲದೆ ಹೊರಗಿನವರಿಂದ ಆದ ಮೋಸವನ್ನು ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದ್ರೆ ನಷ್ಟ ನಿಮ್ಮ ತಲೆಗೆ ಇಲ್ಲ ಅಂತ ಆರ್‌ಬಿಐ 2017ರ ಸುತ್ತೋಲೆಯಲ್ಲಿ ಹೇಳಿದೆ. ಪಾಸ್‌ವರ್ಡ್ ನೀವೇ ಕೊಟ್ಟದ್ದಾದ್ರೆ ತಿಳಿಸುವವರೆಗಿನದ್ದು ನಿಮ್ಮದು, ತಿಳಿಸಿದ ಮೇಲಿನದ್ದು ಬ್ಯಾಂಕಿನದ್ದು. ಹಾಗಾಗಿ ಹೊತ್ತು ಮುಖ್ಯ. 1930 ಆದ ಮೇಲೆ cybercrime.gov.in ನಲ್ಲಿ ದೂರು, ಮರುದಿನ ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆ.

ಮೊದಲೇ ಮಾಡಿಡುವುದು

ಬ್ಯಾಂಕಿನ ಇಮೇಲ್ ಅಲರ್ಟ್ ಆನ್ ಮಾಡಿ, ಆ ಇಮೇಲ್ ನೀವು ದಿನಾ ನೋಡುವುದೇ ಆಗಿರ್ಲಿ. ಆ ಇಮೇಲಿಗೆ ಲಾಗಿನ್ ಆಗ್ಲಿಕ್ಕೆ ಎಸ್‌ಎಂಎಸ್ ಒಟಿಪಿ ಇಡಬೇಡಿ, ಅಥೆಂಟಿಕೇಟರ್ ಆ್ಯಪ್ ಹಾಕಿ, ಅದರ ಕೋಡ್ ಫೋನಿನೊಳಗೇ ಹುಟ್ಟುವುದು, ಸಿಮ್ಮಿಗೂ ಅದಕ್ಕೂ ಸಂಬಂಧ ಇಲ್ಲ. ವಾಟ್ಸಾಪಿಗೆ ಟು-ಸ್ಟೆಪ್ ಪಿನ್ ಹಾಕಿ. ನೆಟ್‌ಬ್ಯಾಂಕಿಂಗ್‌ನಲ್ಲಿ ದಿನದ ಲಿಮಿಟ್ ಇಳಿಸಿ, ಹಿರಿಯರಿಗೆ ಲಕ್ಷದ ಲಿಮಿಟ್ ಎಂತಕ್ಕೆ?

ಸಿಮ್ ಲಾಕ್ ಪಿನ್ ಹಾಕಿದ್ರೆ ಸ್ವಾಪ್ ಆಗುವುದಿಲ್ಲ ಅಂತ ಕೆಲವರು ಹೇಳ್ತಾರೆ, ತಪ್ಪು. ಫೋನ್ ಕದ್ದವ ಸಿಮ್ ತೆಗೆದು ಬೇರೆ ಫೋನಿಗೆ ಹಾಕುವುದನ್ನು ಅದು ತಡೀತದೆ, ಅದಕ್ಕೆ ಹಾಕಿ. ಸ್ವಾಪ್ ಆಗುವುದು ಕಂಪನಿಯ ಕಂಪ್ಯೂಟರಿನಲ್ಲಿ, ನಿಮ್ಮ ಫೋನಿನಲ್ಲಿ ಅಲ್ಲ. ಅದೇ ಕಾರಣಕ್ಕೆ "ಸಿಮ್ ಪ್ರೊಟೆಕ್ಷನ್" ಅಂತ ಬರುವ ಆ್ಯಪುಗಳೂ ದಂಡ, ದುಡ್ಡು ಕೊಡಬೇಡಿ.

ಜೆರಾಕ್ಸ್ ಅಂಗಡಿಯವನ ವಾಟ್ಸಾಪಿಗೆ ಆಧಾರ್ ಕಳಿಸಿ ಪ್ರಿಂಟ್ ತೆಗೆಯುವ ಶಾರ್ಟ್‌ಕಟ್ ಬಿಡಿ, ಬೇಕೇ ಬೇಕಾದ್ರೆ ಮೊದಲ ಎಂಟು ಅಂಕೆ ಮುಚ್ಚಿದ ಮಾಸ್ಕ್ಡ್ ಆಧಾರ್ ಕೊಡಿ. ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿದ್ರೆ ನಿಮ್ಮ ಬೆರಳಚ್ಚಿನ ಮೇಲೆ ಸಿಮ್ ತೆಗೆಯುವುದು ನಿಲ್ತದೆ, ಆದ್ರೆ ರೇಷನ್ ಅಂಗಡಿಗೆ ಹೋಗುವ ದಿನ ಅನ್‌ಲಾಕ್ ಮಾಡ್ಲಿಕ್ಕೆ ನೆನಪಿರ್ಲಿ.

ಗಲ್ಫಿನಲ್ಲಿ ಇರುವವರಿಗೆ ಪ್ರತ್ಯೇಕ ಮಾತು. ಊರಿನ ಸಿಮ್ಮನ್ನು ಅಮ್ಮನ ಕಪಾಟಿನಲ್ಲಿ ಇಟ್ಟು ಎನ್‌ಆರ್‌ಇ ಖಾತೆಗೆ ಅದೇ ನಂಬರ್ ಕೊಟ್ಟಿರ್ತಾರೆ. ಆ ಸಿಮ್ ಸತ್ತರೆ ಯಾರಿಗೂ ಗೊತ್ತಾಗುವುದಿಲ್ಲ. ರಿಚಾರ್ಜ್ ಮಾಡದೆ ತುಂಬ ದಿನ ಬಿಟ್ರೆ ಕಳ್ಳನೇ ಬೇಡ, ಕಂಪನಿಯೇ ನಂಬರನ್ನು ಇನ್ನೊಬ್ಬರಿಗೆ ಕೊಡ್ತದೆ. ಬ್ಯಾಂಕ್ ಒಪ್ಪಿದ್ರೆ ಅಲ್ಲಿಯ ನಂಬರನ್ನೇ ಕೊಡಿ, ಇಲ್ಲದಿದ್ರೆ ರೋಮಿಂಗ್ ಹಾಕಿಸಿ ಸಿಮ್ ನಿಮ್ಮ ಫೋನಿನಲ್ಲೇ ಇಟ್ಕೊಳ್ಳಿ.

ಕಂಪನಿಗಳು ಮಾಡ್ಬೇಕಾದ್ದು

ಸಿಮ್ ಬದಲಾದ ಏಳು ದಿನದೊಳಗೆ ಆ ನಂಬರನ್ನು ಬೇರೆ ಕಂಪನಿಗೆ ಪೋರ್ಟ್ ಮಾಡ್ಲಿಕ್ಕೆ ಬಿಡಬಾರದು ಅಂತ ಟ್ರಾಯ್ 2024ರ ಜುಲೈ 1ರಿಂದ ನಿಯಮ ತಂದಿದೆ, ಅದು ಸರಿ. ಆದ್ರೆ ಮೂಲ ಇನ್ನೂ ಅಂಗಡಿಯ ಕೌಂಟರಿನಲ್ಲೇ ಉಂಟು. ಹಳೆ ಸಿಮ್ ಜೀವಂತ ಇರುವಾಗ ಅದಕ್ಕೊಂದು ಮೆಸೇಜ್ ಕಳಿಸಿ ಕೈತೊಳ್ಕೊಂಡ್ರೆ ಸಾಲದು, ಅದಕ್ಕೆ ಕಾಲ್ ಮಾಡ್ಬೇಕು, ಮಾಲೀಕ "ಬೇಡ" ಅನ್ಲಿಕ್ಕೆ ಕೆಲವು ಗಂಟೆ ಬಿಡ್ಬೇಕು, ಫೋನ್ ಆನ್ ಇದ್ದು ಓಡಾಡ್ತಾ ಇರುವ ಸಿಮ್ಮನ್ನು "ಕಳೆದುಹೋಗಿದೆ" ಅಂತ ಯಾಕೆ ಕೇಳ್ತಿದ್ದಾನೆ ಅಂತ ಅಂಗಡಿಯವನ ಸ್ಕ್ರೀನೇ ಪ್ರಶ್ನೆ ಎತ್ತಬೇಕು. ಯಾವ ಐಡಿಯಿಂದ ಯಾರು ಬದಲಿಸಿದ್ದು ಅಂತ ದಾಖಲೆ ಇರ್ಬೇಕು, ಒಂದೇ ಅಂಗಡಿಯಿಂದ ಡುಪ್ಲಿಕೇಟ್ ಜಾಸ್ತಿ ಹೋದ್ರೆ ಅಲ್ಲಿಗೆ ತಡೆ ಹಾಕ್ಬೇಕು.

ಬ್ಯಾಂಕಿನ ಪಾಲಿಗೂ ಒಂದು ಕೆಲಸ ಉಂಟು. ಒಟಿಪಿ ಕಳಿಸುವ ಮೊದಲು ಈ ನಂಬರಿನ ಸಿಮ್ ಮೊನ್ನೆ ಮೊನ್ನೆ ಬದಲಾಗಿದೆಯಾ ಅಂತ ಮೊಬೈಲ್ ಕಂಪನಿಯನ್ನು ಕೇಳುವ ತಾಂತ್ರಿಕ ವ್ಯವಸ್ಥೆ ಜಗತ್ತಿನಲ್ಲಿ ಈಗಾಗಲೇ ಉಂಟು. ಬದಲಾಗಿದ್ರೆ ಎಫ್‌ಡಿ ಮುರಿಯುವುದು, ಹೊಸ ಖಾತೆಗೆ ದೊಡ್ಡ ಮೊತ್ತ ಕಳಿಸುವುದನ್ನು ಬ್ರಾಂಚಿಗೆ ಬಂದೇ ಮಾಡಿ ಅಂತ ನಿಲ್ಲಿಸಬಹುದು. ನಿಮ್ಮ ಬ್ಯಾಂಕ್ ಹಾಗೆ ನೋಡ್ತದಾ ಅಂತ ಮುಂದಿನ ಸಲ ಬ್ರಾಂಚಿಗೆ ಹೋದಾಗ ಮ್ಯಾನೇಜರನ್ನು ಕೇಳಿ, ಆನ್‌ಲೈನಲ್ಲಿ ಎಫ್‌ಡಿ ಮುರಿಯುವ ಸೌಲಭ್ಯ ನನಗೆ ಬೇಡ ಅಂತ ಬರೆದು ಕೊಡ್ಲಿಕ್ಕೆ ಆಗ್ತದಾ ಅಂತಲೂ ಕೇಳಿ.